ಎಕ್ಸ್‌ಚೇಂಜ್ ರಾಯರು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎರಡು ರೂಪಾಯಿಗಾಗಿ ಬದನೆಕಾಯಿಯವಳ ಬೆವರಿಳಿಸುವ ನಮ್ಮ ರಾಯರು, ಮೊಬೈಲಿನಲ್ಲಿ 'ಹಳೆ ಫೋನ್ ಕೊಟ್ಟು ರೂ. 18,500ರವರೆಗೆ ಉಳಿಸಿ' ಎಂಬ ಸಾಲು ಕಂಡರೆ ಬೆಣ್ಣೆಯಾಗಿಬಿಡುತ್ತಾರೆ. ಆ ಮೊತ್ತ ಪಟ್ಟಿಯಲ್ಲಿರುವ ಅತಿ ದುಬಾರಿ ಫೋನಿಗೆ, ಅದೂ ಮದುವಣಗಿತ್ತಿಯಂತೆ ಇದ್ದರೆ ಮಾತ್ರ. ರಾಯರ ಫೋನಿಗೆ ನಾಲ್ಕು ವರ್ಷ.

"ಹದಿನಾರು ಸಾವಿರ ಕೊಟ್ಟಿದ್ದೆ ಕಣಯ್ಯಾ. ಒಂದು ದಿನ ಕವರಿಲ್ಲದೆ ಹೊರಗೆ ತೆಗೆದಿಲ್ಲ" ಎನ್ನುವುದು ಅವರ ಬೆಲೆ ಕಟ್ಟುವ ವಿಧಾನ. ಫೋನಿನ ಡಬ್ಬಿ, ಬಿಲ್ಲು, ಸಿಮ್ ಚುಚ್ಚುವ ಸೂಜಿ ಎಲ್ಲವೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಭದ್ರ. ಆನ್‌ಲೈನಿನವರು ಸಾಮಾನ್ಯವಾಗಿ ಡಬ್ಬಿಯ ಮುಖ ನೋಡುವುದೂ ಇಲ್ಲ ಎಂದು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

*#06# ಒತ್ತಿ, ಬಂದ ಐಎಂಇಐ ಸಂಖ್ಯೆಯನ್ನು ಕನ್ನಡಕ ಏರಿಸಿ ಇಳಿಸಿ ತುಂಬಿದರು. ಆಮೇಲೆ ಪ್ರಶ್ನೆಗಳು. ತೆರೆಯಲ್ಲಿ ಕಲೆ, ಗೆರೆ ಇದೆಯೇ? ರಾಯರ ಫೋನಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಇತ್ತು. "ಅದು ಕಲೆಯಲ್ಲ, ದೃಷ್ಟಿಬೊಟ್ಟು" ಎಂದು 'ಇಲ್ಲ' ಒತ್ತಿದರು. ಹಳೆ ಫೋನಿಗೆ 5,200, ಮೇಲೆ 2,000 ಬೋನಸ್ ಎಂದು ಬಂತು. ಆ ಬೋನಸ್ ಅವರು ಕೊಳ್ಳಲಿದ್ದ ಹೊಸ ಮಾಡೆಲ್ ಖರ್ಚಾಗಲಿ ಎಂದು ಇಟ್ಟದ್ದು. ಬೇರೆ ಮಾಡೆಲ್ ಆರಿಸಿದರೆ ಮಾಯ. ರಾಯರು ಮಾತ್ರ ಅದನ್ನು ತಮ್ಮ ಫೋನಿನ ನಡತೆಗೆ ಸಿಕ್ಕ ಬಹುಮಾನವೆಂದೇ ತಿಳಿದರು.

ಬ್ಯಾಂಕಿನಲ್ಲಿರುವ ಸೊಸೆ ಹಾಲಿನ ಲೆಕ್ಕದ ಪುಸ್ತಕ ತಿರುವಿ ಹಾಕಿದಳು. "ಮಾವ, ಅವರು ಎಷ್ಟು ಕೊಡ್ತಾರೆ ಅನ್ನೋದು ಬಿಡಿ. ಕೊನೆಗೆ ನಿಮ್ಮ ಜೇಬಿಂದ ಎಷ್ಟು ಹೋಗುತ್ತೆ, ಅದನ್ನ ನೋಡಿ." ಹೊಸ ಫೋನಿನ ಬೆಲೆ 24,999. ಎಕ್ಸ್‌ಚೇಂಜ್ ಕಳೆದು, ಹಳೆಯದನ್ನು ಒಯ್ಯಲು ಹಾಕುವ 99 ಕೂಡಿಸಿದರೆ 17,898. ಎಕ್ಸ್‌ಚೇಂಜ್ ಬಿಟ್ಟರೆ ಕಾರ್ಡಿನ ಮೇಲೆ 1,500 ರಿಯಾಯಿತಿ. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ ಎಂದು ಷರತ್ತಿನಲ್ಲಿ ಇರುವೆ ಅಕ್ಷರದಲ್ಲಿತ್ತು. ಬೀದಿಯ ಮೊಬೈಲ್ ಅಂಗಡಿಯವನು ಬೊಟ್ಟನ್ನೂ ನೋಡಿಯೇ 5,800 ಕೊಡುತ್ತೇನೆಂದಿದ್ದ. ಆ ದಾರಿಯಲ್ಲಿ ಹೋದರೆ ಖರ್ಚು 17,699.

"199 ರೂಪಾಯಿಗೆ ಅಂಗಡಿಗೆ ಅಲೆಯೋದೇ? ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಾನೆ!" ಎಂದರು ರಾಯರು. ನ್ಯಾಯವಾದ ಮಾತೇ. ಬೊಟ್ಟೊಂದು ಇಲ್ಲದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. "ನಿಜ ಹೇಳಿ ಮತ್ತೆ ರೇಟು ನೋಡಿ ಮಾವ" ಎಂದು ಸೊಸೆ ಗೋಗರೆದಳು. "ಬರೋ ಹುಡುಗ ಏನು ದುರ್ಬೀನು ತರ್ತಾನಾ?"

ಹುಡುಗ ದುರ್ಬೀನು ತರಲಿಲ್ಲ. ಆ್ಯಪ್ ತಂದಿದ್ದ. ರಾಯರು ಅಷ್ಟರಲ್ಲಿ ಸಾವಿರಾರು ಶುಭೋದಯದ ಚಿತ್ರಗಳನ್ನು ಮಗನ ಲ್ಯಾಪ್‌ಟಾಪಿಗೆ ಸಾಗಿಸಿ, ಸ್ಕ್ರೀನ್ ಲಾಕ್ ತೆಗೆದು, ಗೂಗಲ್ ಖಾತೆಯಿಂದ ಹೊರಬಂದು, ಫೋನನ್ನು ರೀಸೆಟ್ ಮಾಡಿ ಅರಿಶಿನ ಕುಂಕುಮವೊಂದನ್ನು ಬಿಟ್ಟು ಎಲ್ಲ ಸಂಸ್ಕಾರ ಮುಗಿಸಿದ್ದರು. ಹುಡುಗ ಐಎಂಇಐ ತಾಳೆ ನೋಡಿದ, ಗುಂಡಿಗಳನ್ನು ಒತ್ತಿದ, ಆಮೇಲೆ ತೆರೆಯನ್ನು ಪೂರ್ತಿ ಬಿಳಿ ಮಾಡಿದ. ಹಾಲಿನ ಬಟ್ಟಲಿಗೆ ಬಿದ್ದ ನೊಣದ ಹಾಗೆ ದೃಷ್ಟಿಬೊಟ್ಟು ಎದ್ದು ಕಂಡಿತು.

"ಸರ್, ಸ್ಪಾಟ್ ಇದೆ. 3,100 ತೋರಿಸ್ತಿದೆ."

"ಅದು ಹುಟ್ಟಿದಾಗಿಂದ ಇದೆ ಕಣಪ್ಪ!"

"ಆಗ್ಲಿ ಸರ್. ಬೇರೆ ಕಂಪನಿಯಾಗಿದ್ರೆ ತಗೋತಾನೇ ಇರ್ಲಿಲ್ಲ. ಬೇಡ ಅಂದ್ರೆ ಪೂರ್ತಿ ದುಡ್ಡು ಕಟ್ಟಿ ಹೊಸದನ್ನ ಇಟ್ಕೊಳ್ಳಿ, ಇಲ್ಲ ಆರ್ಡರ್ ವಾಪಸ್ ಕಳಿಸಿ."

ಒಪ್ಪಿದರೆ ಖರ್ಚು 19,998ಕ್ಕೆ ಏರುತ್ತದೆ. ವಾಪಸ್ ಕಳಿಸಿ ಕಾರ್ಡಿನಲ್ಲಿ ಮತ್ತೆ ಕೊಳ್ಳೋಣವೆಂದರೆ ಆ ರಿಯಾಯಿತಿ ಹಿಂದಿನ ರಾತ್ರಿಯೇ ಮುಗಿದಿತ್ತು. ಸೊಸೆ ಬಾಗಿಲಿನ ಹಿಂದೆ ನಿಂತೇ ಲೆಕ್ಕ ಹಾಕಿದಳು. ಪೂರ್ತಿ 24,999 ಕೊಟ್ಟು, ಹಳೆಯದನ್ನು ಅಂಗಡಿಗೆ 5,800ಕ್ಕೆ ಮಾರಿದರೂ 19,199. ಇನ್ನೂ 799 ಉಳಿಯುತ್ತದೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಹೊಸ ಫೋನ್ ಕೆಟ್ಟು ಹಿಂದಿರುಗಿಸಬೇಕಾಗಿ ಬಂದರೆ ಹಳೆಯದು ಕೈಯಲ್ಲಿರುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಹೋದ ಫೋನು ಮರಳಿ ಬರುವುದಿಲ್ಲ, ಬಂದರೆ ಅದರ ದುಡ್ಡು ಬರಬಹುದಷ್ಟೆ.

ರಾಯರು ಹಲ್ಲು ಕಚ್ಚಿ ಪೂರ್ತಿ ಹಣ ಕಟ್ಟಿದರು. ಸಂಜೆ ಅಂಗಡಿಗೆ ಹೋಗಿ, 5,800ರ ಮೇಲೆ ಇನ್ನೂರಕ್ಕಾಗಿ ಅರ್ಧ ಗಂಟೆ ಜಗ್ಗಾಡಿ, ಒಂದು ಟೆಂಪರ್ಡ್ ಗ್ಲಾಸ್ ಪುಕ್ಕಟೆ ಹಾಕಿಸಿಕೊಂಡು ಬಂದರು. ಪಕ್ಕದ ಮನೆಯವರು ಕೇಳಿದಾಗ, "ಆನ್‌ಲೈನಿನವರು 3,100 ಅಂದ್ರು, ನಾನು ಬಿಡ್ತೀನಾ? ಸುಮಾರು ಡಬಲ್ ಮಾಡಿಸಿದೆ!" ಎಂದರು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಫೋನನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. "ಲೇ, ಇದರಲ್ಲಿ ಬೊಟ್ಟು ಗಿಟ್ಟು ಏನೂ ಇಲ್ಲ ಅಲ್ವಾ?"

"ಐಎಂಇಐ ಅಂತ ಬಾಯಿ ಬಿಟ್ರೆ ಸಾರು ಬಡಿಸಲ್ಲ, ನೋಡ್ರಿ!"