ಅರೆಕಲ್ಲಿಗೆ ಬಂದ ಹೊಳವು

ಅಡಿಕೆ ತೋಟ ಇರುವುದು ಕಣಿವೆಯಲ್ಲಿ. ನೀರು ಅಲ್ಲಿ, ನೆರಳು ಅಲ್ಲಿ, ಗಾಳಿಯ ಹೊಡೆತವೂ ಅಲ್ಲಿ ಕಡಿಮೆ. ನಮ್ಮ ಸಾಗರ ಸೀಮೆಯ ಅಜ್ಜಂದಿರು ಇದನ್ನೆಲ್ಲ ಲೆಕ್ಕ ಹಾಕಿಯೇ ಸಸಿ ನೆಟ್ಟರು, ತೋಟದ ತಲೆಗೇ ಮನೆ ಕಟ್ಟಿದರು. ಮೊಬೈಲ್ ಸಿಗ್ನಲ್ ಇರುವುದು ಗುಡ್ಡದ ನೆತ್ತಿಯಲ್ಲಿ. ಅಜ್ಜಂದಿರ ಲೆಕ್ಕ ತಪ್ಪಿದ್ದು ಇದೊಂದರಲ್ಲೇ.

ರೈತನಿಗೆ ಬುದ್ಧಿ ಹೇಳುವುದರಲ್ಲಿ ಸರ್ಕಾರ ಜಿಪುಣತನ ಮಾಡಿಲ್ಲ. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಬಂತು, 2013ರಲ್ಲಿ ಎಸ್ಸೆಮ್ಮೆಸ್ ಕಳಿಸುವ ಎಂ-ಕಿಸಾನ್ ಬಂತು, 2019ರಲ್ಲಿ ಮೇಘದೂತ್ ಆ್ಯಪ್ ಬಂತು. ಕಾಳಿದಾಸನ ಮೋಡಕ್ಕೆ ಟವರ್ ಬೇಕಿರಲಿಲ್ಲ, ಅದು ಬೇರೆ ಮಾತು. ಮಂಗಳವಾರ ಮತ್ತು ಶುಕ್ರವಾರ, ವಾರಕ್ಕೆ ಎರಡು ಸಲ, ಹವಾಮಾನ ಆಧರಿಸಿದ ಕೃಷಿ ಸಲಹೆ ಹೊರಡುತ್ತದೆ. ಅಷ್ಟೂ ಸಲಹೆ ನಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತದೆ, ಸುಮಾರು ಇನ್ನೂರು ಅಡಿ ಎತ್ತರದಲ್ಲಿ.

ಹಿಡಿದುಕೊಳ್ಳಬೇಕೆಂದರೆ ಬ್ಯಾಣ ಹತ್ತಿ ಮೇಲಿನ ಅರೆಕಲ್ಲಿಗೆ ಹೋಗಬೇಕು. ಬೇಸಿಗೆಯಲ್ಲಿ ಇಪ್ಪತ್ತು ನಿಮಿಷದ ದಾರಿ. ಮಳೆಗಾಲದಲ್ಲಿ ಜಾರಿಕೆ, ಇಂಬಳ, ಕೈಯಲ್ಲಿ ಕೊಡೆ, ಪ್ಲಾಸ್ಟಿಕ್ ಕೊಟ್ಟೆಯೊಳಗೆ ಫೋನು. ಅಷ್ಟಾಗಿಯೂ ಟವರ್ ಜೀವಂತ ಇದ್ದರೆ ಮಾತ್ರ ಫಲ. ಗಾಳಿಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ, ಕರೆಂಟು ಹೋದ ಕೆಲವು ಗಂಟೆಗೆ ಟವರಿನ ಬ್ಯಾಟರಿಯೂ ಹೋಗುತ್ತದೆ.

ಕೊಳೆರೋಗಕ್ಕೂ ಇದೇ ಋತು ಇಷ್ಟ. ಎಡೆಬಿಡದ ಮಳೆ, ತಂಪು, ನಡುವೆ ಒಂದಿಷ್ಟು ಬಿಸಿಲು ಸಿಕ್ಕಿದರೆ ಅದು ಅಡಿಕೆಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಮಚ್ಚೆಯಾಗಿ ಶುರುವಾಗುತ್ತದೆ, ಮತ್ತೆ ಕಾಯಿ ಉದುರುತ್ತದೆ. ಟವರ್ ಮಲಗುವ ಹೊತ್ತಿಗೇ ಕೊಳೆ ಏಳುತ್ತದೆ. ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ ಸಿಗ್ನಲ್ ಚೆನ್ನಾಗಿಯೇ ಇರುತ್ತದೆ, ಕೊಳೆ ಇರುವುದಿಲ್ಲ. ಯೋಜನೆಯ ಉದ್ಘಾಟನೆ, ಪ್ರಾತ್ಯಕ್ಷಿಕೆ, ಫೋಟೋ ಎಲ್ಲ ಆ ತಿಂಗಳಲ್ಲೇ ಆಗುವುದು ಕಾಕತಾಳೀಯ ಇರಬಹುದು.

ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ಹೊಡೆದು, 40–45 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಮೊದಲ ಸಿಂಪಡಣೆಗೆ ಯಾರ ಸಲಹೆಯೂ ಬೇಡ. ಕಷ್ಟವೆಲ್ಲ ಎರಡನೆಯದರಲ್ಲಿ. ಅದು ಪುನರ್ವಸು ಮಳೆಯ ಪಾಲಿಗೆ ಬೀಳುತ್ತದೆ, ಆಗ ಒಂದೆರಡು ದಿನದ ಹೊಳವು ಸಿಗುವುದೇ ಪುಣ್ಯ. ಮರ ಒಣಗಿರಬೇಕು, ಕೊನೆಗೌಡ ಸಿಗಬೇಕು, ಹೊಡೆದ ಔಷಧಿ ಕೊನೆಯ ಮೇಲೆ ಆರುವ ತನಕ ಮಳೆ ತಡೆಯಬೇಕು. ಯಾವತ್ತು ಹೊಳವು ಎಂದು ಎರಡು ದಿನ ಮುಂಚೆ ಹೇಳುವವನಿಗೆ ನಾವು ತೆಂಗಿನಕಾಯಿ ಒಡೆಯಲು ಸಿದ್ಧ.

ಜುಲೈ 15ರ ಸೋಮವಾರ ಅರೆಕಲ್ಲಿನ ಮೇಲೆ ನಿಂತಿದ್ದೆ. ಗುರುವಾರದ ಗಾಳಿಗೆ ಮಲಗಿದ್ದ ಟವರ್ ಆಗಷ್ಟೇ ಎದ್ದಿತ್ತು. ಟಿಂಗ್ ಎಂದಿತು.

"ಮುಂದಿನ 2 ದಿನ ಮಳೆ ಕಡಿಮೆ. ಅಡಿಕೆಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ."

ಆಕಾಶ ಕಪ್ಪಗಿತ್ತು. ಆದರೆ ಆಕಾಶಕ್ಕೆ ಡಿಗ್ರಿ ಇಲ್ಲ, ಸಂದೇಶ ಕಳಿಸಿದವರಿಗೆ ಇದೆ. ಇಳಿದು ಬಂದವನೇ ಕೊನೆಗೌಡನನ್ನು ಕರೆಸಿದೆ. ಅವನು ತಲೆ ಎತ್ತಿ ನೋಡಿ, "ಹೆಗಡೇರೆ, ಇದು ಹೊಳವಾಗೋ ಮೋಡ ಅಲ್ಲ" ಅಂದ. ನಾನು ಫೋನು ತೋರಿಸಿದೆ. ಬರೆದದ್ದರ ಎದುರು ಅವನು ವಾದ ಮಾಡಲಿಲ್ಲ.

ಎರಡು ಕೆ.ಜಿ. ಮೈಲುತುತ್ತು ನೂರು ಲೀಟರಿನಲ್ಲಿ, ಎರಡು ಕೆ.ಜಿ. ಸುಣ್ಣ ಇನ್ನೊಂದು ನೂರು ಲೀಟರಿನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ತಿಳಿಗೆ ಸುರಿದು ಕಲಕಿ, ಕತ್ತಿಯ ಅಲಗು ಅದ್ದಿ ನೋಡಿದೆವು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹತ್ತಲಿಲ್ಲ, ಪಾಕ ಸರಿಯಾಗಿತ್ತು. ಕೊನೆಗೌಡ ಮೂರನೆಯ ಮರದಲ್ಲಿದ್ದಾಗ ಮಳೆ ಬಂತು. ಆ ದಿನ ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ. ಬೋರ್ಡೋ ಕಲಸಿದ ದಿನವೇ ಹೊಡೆಯಬೇಕು, ಇಟ್ಟರೆ ತಳಕ್ಕೆ ಕೂತು ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂರು ಲೀಟರ್ ನೀಲಿ ನೀರನ್ನು ಡ್ರಮ್ಮಿನಲ್ಲೇ ಬಿಟ್ಟು ಮೂರು ದಿನ ಮುಖ ನೋಡಿಕೊಂಡು ಕೂತೆವು.

ಸಂದೇಶ ಸುಳ್ಳಾಗಿರಲಿಲ್ಲ. ಅದು ಹೊರಟದ್ದು 12ರ ಶುಕ್ರವಾರ. ಶನಿವಾರ, ಭಾನುವಾರ ನಿಜಕ್ಕೂ ಹೊಳವಾಗಿತ್ತು. ಆ ಎರಡು ದಿನ ನಾವು ಜಗಲಿಯಲ್ಲಿ ಕೂತು, ಹೊಳವು ಯಾವಾಗ ಆಗುತ್ತದೋ ಎಂದು ಚರ್ಚಿಸುತ್ತಿದ್ದೆವು. ಫೋನು ಸಿಗದವನ ಸಂದೇಶವನ್ನು ಕಂಪನಿಯ ಯಂತ್ರ ಕೆಲವು ಕಾಲ ಇಟ್ಟುಕೊಂಡು ಮತ್ತೆ ಮತ್ತೆ ತಟ್ಟುತ್ತದೆ, ಸಿಕ್ಕಾಗ ಒಪ್ಪಿಸುತ್ತದೆ. ನನ್ನ ಫೋನು ಒಪ್ಪಿಸಿಕೊಂಡ ಹೊತ್ತನ್ನು ಮಾತ್ರ ತೋರಿಸಿತು. 'ಮುಂದಿನ' ಎಂಬುದು ಯಾವತ್ತಿನ ಮುಂದೆ ಎಂದು ಸಂದೇಶದಲ್ಲಿ ಇರಲಿಲ್ಲ.

ಕಚೇರಿಗೆ ಹೋಗಿ ಕೇಳಿದೆ. ಸಾಹೇಬರು ಸೌಜನ್ಯವಂತರು, ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನೋಡಿ ಹೆಗಡೇರೆ, ಡೆಲಿವರ್ಡ್ ಅಂತ ಇದೆ." ಇತ್ತು, ಹಸಿರು ಬಣ್ಣದಲ್ಲಿ. ಪರದೆಯ ಲೆಕ್ಕದಲ್ಲಿ ನನ್ನ ತೋಟಕ್ಕೆ ಸಕಾಲದಲ್ಲಿ ಔಷಧಿ ಬಿದ್ದಿತ್ತು. ನಮ್ಮ ಮೇಲಿನ ಮನೆ ಭಾವನ ಹೆಸರಿನ ಎದುರಿಗೂ ಹಸಿರು. ಅವನು ಕೊಟ್ಟ ನಂಬರು ಬೆಂಗಳೂರಿನಲ್ಲಿರುವ ಮಗನದು, ಊರಿನ ನಂಬರು ಹತ್ತುವುದಿಲ್ಲವಲ್ಲ. ಮಗ ಹನ್ನೊಂದನೇ ಮಹಡಿಯಲ್ಲಿ, ಐದು ಕಡ್ಡಿ ಸಿಗ್ನಲ್ಲಿನಲ್ಲಿ, ವಾರಕ್ಕೆರಡು ಸಲ ಬೋರ್ಡೋ ಸಲಹೆ ಓದುತ್ತಾನೆ. ಅವನ ಬಾಲ್ಕನಿಯಲ್ಲಿ ಒಂದು ಮನಿಪ್ಲಾಂಟ್ ಇದೆ, ಅದಕ್ಕೆ ಇದುವರೆಗೆ ಕೊಳೆ ಬಂದಿಲ್ಲ.

ತಾರೀಕು, ಅಳತೆ, ಕಲಸುವ ಕ್ರಮ ಎಲ್ಲ ಬರೆಯಬಾರದೇ ಎಂದೆ. "ಜಾಗ ಸಾಲೋದಿಲ್ಲ" ಅಂದರು. ಅದರಲ್ಲಿ ಸತ್ಯವಿದೆ. ಇಂಗ್ಲಿಷಿನ ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಜಾಗ, ಕನ್ನಡಕ್ಕೆ 70. ಅದರಲ್ಲೂ ಕೊಂಬು, ಗುಡಿಸು, ಒತ್ತಿನ ನಡುವೆ ಕಾಣದಂತೆ ಕೂತ ಅರ್ಧಾಕ್ಷರದ ಚಿಹ್ನೆ, ಎಲ್ಲಕ್ಕೂ ಬೇರೆ ಬೇರೆ ಟಿಕೆಟ್ಟು. ನಾವು ನಾಲ್ಕಕ್ಷರ ಎಂದು ಓದುವ 'ಮೈಲುತುತ್ತು' ಯಂತ್ರಕ್ಕೆ 10. 70 ದಾಟಿದರೆ ಸಂದೇಶ ತುಂಡಾಗಿ ಹೊರಡುತ್ತದೆ, ದುರ್ಬಲ ಸಿಗ್ನಲ್ಲಿನಲ್ಲಿ ಒಂದು ತುಂಡು ಗುಡ್ಡದಾಚೆಯೇ ಉಳಿದರೂ ಉಳಿಯಿತು. ಹಳೇ ಬಟನ್ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳ ಸಾಲು ಬರುವುದೂ ಉಂಟು. ನಮ್ಮ ಚಿಕ್ಕಪ್ಪ ಅವನ್ನು ತೋಟದ ನಕ್ಷೆ ಎಂದುಕೊಂಡಿದ್ದ.

ಧ್ವನಿ ಸಂದೇಶಕ್ಕೆ ಈ ತೊಂದರೆ ಇಲ್ಲವಂತೆ. ಕನ್ನಡಕ್ಕಾಗಿ ಒಂದನ್ನು ಒತ್ತಿ, ತೋಟಗಾರಿಕೆಗೆ ಎರಡನ್ನು ಒತ್ತಿ, ಅಡಿಕೆಗಾಗಿ... ಅಷ್ಟರಲ್ಲಿ ಕಡ್ಡಿ ಹೋಗುತ್ತದೆ. ಮೂರು ಸಲ ಅರೆಕಲ್ಲು ಹತ್ತಿದರೂ ಅಡಿಕೆಗೆ ಯಾವ ಗುಂಡಿ ಎಂಬುದು ಗೊತ್ತಾಗಿಲ್ಲ.

1910ರ ಸುಮಾರಿಗೆ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ, ಮೈಸೂರು ಸಂಸ್ಥಾನದ ನೌಕರ, ಕೊಳೆಯ ಬೆನ್ನು ಹತ್ತಿ ಮಲೆನಾಡಿನ ತೋಟಗಳಿಗೆ ಬಂದ. ಕೊನೆಗೆ ಹಾಳೆಯ ಕೊಟ್ಟೆ ಕಟ್ಟುವುದೊಂದನ್ನೇ ನಂಬಿದ್ದವರ ಎದುರು ಮೈಲುತುತ್ತು–ಸುಣ್ಣದ ಮದ್ದು ಇಟ್ಟ. ಪಾಪ, ಆ ಮನುಷ್ಯನಿಗೆ ಡ್ಯಾಶ್‌ಬೋರ್ಡ್ ಇರಲಿಲ್ಲ, ತೋಟಕ್ಕೇ ಬಂದು ನೋಡಬೇಕಾಯಿತು.

ಈಗ ಸಾಹೇಬರು ಬರಬೇಕೆಂದು ನಾನು ಕೇಳುತ್ತಿಲ್ಲ. ಅವರ ಜೀಪಿಗೆ ಡೀಸೆಲ್ ಇಲ್ಲ, ಹುದ್ದೆಗಳು ಖಾಲಿ, ಇದ್ದವರಿಗೆ ಮೀಟಿಂಗು. ಆದರೆ ಆ ಸಂದೇಶವನ್ನು ಜಗಲಿಯಲ್ಲಿ ಕೂತು ಯಂತ್ರದ ಲೆಕ್ಕದಲ್ಲೇ ಎಣಿಸಿದ್ದೇನೆ. ಖಾಲಿ ಜಾಗ, ಚುಕ್ಕಿ ಎಲ್ಲ ಸೇರಿ 62. ಉಳಿದದ್ದು 8. ಅದರಲ್ಲಿ ಮೈಲುತುತ್ತು ಹಿಡಿಯುವುದಿಲ್ಲ, ಒಪ್ಪುತ್ತೇನೆ. 12/7 ಎಂದು ಬರೆಯಲು 4 ಸಾಕು. ಮುಂದಿನ ಪುನರ್ವಸುವಿಗೆ ಅಷ್ಟೊಂದು ಮಾಡಿ ಸಾಹೇಬರೇ.