ಜನಜಂಗುಳಿಯಿಂದ ಒಂಟಿತನವನ್ನು ಹಿಂಡಿ ತೆಗೆಯುವ ಶಾಸ್ತ್ರ

ಜನರಿಂದ ಕಿಕ್ಕಿರಿದ ಬೀದಿಯ ಫೋಟೋವನ್ನು ಮಹಾನಗರದ ಮೂಕ ಒಂಟಿತನದ ಕ್ಯಾಪ್ಷನ್ನಾಗಿ ಮಾರ್ಪಡಿಸುವ ಕ್ರಿಯೆಗೆ ‘ಸಂದಣಿ-ನಿರ್ಜನೀಕರಣ’ ಎಂದು ಹೆಸರು. ಇದಕ್ಕೆ ಬೇಕಾದ ಮೂಲದ್ರವ್ಯಗಳು ಮೂರು: ಗಿಜಿಗುಡುವ ಜನ, ಅವರ ನಡುವೆ ಅಲುಗಾಡದೆ ಇರುವ ಒಬ್ಬ ವ್ಯಕ್ತಿ, ಆ ವ್ಯಕ್ತಿಯನ್ನು ಮಾತನಾಡಿಸದೆ ಹೊರಟುಹೋಗುವ ಛಾಯಾಗ್ರಾಹಕ. ಮೂರನೆಯದು ಸಿಗದಿದ್ದರೆ ಮೊದಲೆರಡು ಇದ್ದೂ ವ್ಯರ್ಥ. ಮಾತನಾಡಿಸಿದ ಕೂಡಲೇ ಆ ವ್ಯಕ್ತಿಗೆ ಊರು, ಸಾಲ, ಮಗಳ ಪರೀಕ್ಷೆ, ಎದುರಂಗಡಿಯವನ ಜೊತೆ ಜಗಳ ಎಲ್ಲವೂ ಹುಟ್ಟಿಕೊಂಡು ಒಂಟಿತನ ಕೆಟ್ಟುಹೋಗುತ್ತದೆ.

ಈ ವಿದ್ಯೆಯ ಮೂಲಪುರುಷನನ್ನಾಗಿ ಲೂಯಿ ದಗೇರ್‌ನನ್ನು ಎಣಿಸಬೇಕು. 1838ರಲ್ಲಿ ಅವನು ಪ್ಯಾರಿಸ್ಸಿನ ಬುಲವಾರ್ ದು ತಾಂಪ್ಲ್ ಬೀದಿಯನ್ನು ಎತ್ತರದ ಕಿಟಕಿಯೊಂದರಿಂದ ಸೆರೆಹಿಡಿದ. ಅಂದಿನ ಫಲಕಕ್ಕೆ ಹಲವು ನಿಮಿಷ ಬೆಳಕು ಉಣಿಸಬೇಕಿತ್ತು. ಹೀಗಾಗಿ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಯಾರೂ ಅದರ ಮೇಲೆ ನಿಲ್ಲಲಿಲ್ಲ. ಗದ್ದಲದ ಬೀದಿ ಬಿಕೋ ಎನ್ನುವಂತೆ ಮೂಡಿತು. ಸ್ಪಷ್ಟವಾಗಿ ಉಳಿದದ್ದು ಎಡಮೂಲೆಯಲ್ಲಿ ಕಾಲೆತ್ತಿ ನಿಂತ ಒಬ್ಬ ಮನುಷ್ಯ. ಫೋಟೋದಲ್ಲಿ ಸಿಕ್ಕ ಮೊಟ್ಟಮೊದಲ ಮನುಷ್ಯನೆಂದು ಅವನಿಗೆ ಹೆಸರಾಗಿದೆ. ಆದರೆ ಅವನು ಅಷ್ಟು ಹೊತ್ತು ನಿಂತದ್ದು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು. ಕಾಲ ಬಳಿ ಪಾಲಿಶ್ ಹಾಕುವವನ ಮಸುಕು ಆಕಾರವೂ ಇದೆ. ನಗರದ ಮೊದಲ ಒಂಟಿ ಮನುಷ್ಯನ ಜೊತೆ ಇನ್ನೊಬ್ಬನಿದ್ದ ಎಂಬುದನ್ನು ಶಾಸ್ತ್ರಕಾರರು ಅಂದಿನಿಂದಲೂ ಗಮನಿಸದೆ ಕಾಪಾಡಿಕೊಂಡು ಬಂದಿದ್ದಾರೆ.

ತಾತ್ವಿಕ ಆಧಾರವನ್ನು ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮೆಲ್‌ನಿಂದ ಎರವಲು ತರಲಾಗುತ್ತದೆ. ಮಹಾನಗರದ ಗುಂಪಿನಲ್ಲಿ ಮನುಷ್ಯನಿಗೆ ವಿಶೇಷವಾದ ಒಂಟಿತನ ಕಾಡಬಹುದೆಂದು ಆತ 1903ರಲ್ಲಿ ಬರೆದದ್ದು ನಿಜ. ಅದೇ ಬರಹದಲ್ಲಿ ದುಡ್ಡು, ಗಡಿಯಾರ, ಕೊಡುಕೊಳ್ಳುವ ವ್ಯವಹಾರ ಇವೆಲ್ಲ ಸೇರಿ ನಗರದವರ ಮನಸ್ಸನ್ನು ಹೇಗೆ ಒಗ್ಗಿಸುತ್ತವೆ ಎಂಬ ಉದ್ದನೆಯ ವಿಚಾರವೂ ಇದೆ. ಕ್ಯಾಪ್ಷನ್‌ಕಾರರು ಒಂಟಿತನವನ್ನು ಎತ್ತಿಕೊಂಡು ದುಡ್ಡಿನ ಮಾತನ್ನು ಅಲ್ಲೇ ಬಿಟ್ಟರು.

ಪ್ರಕ್ರಿಯೆಯ ಮೊದಲ ಹಂತ ‘ಚಲನಧೂಮೀಕರಣ’. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಶಟರನ್ನು ಕಾಲು ಸೆಕೆಂಡಿನಷ್ಟು ತೆರೆದಿಟ್ಟರೆ ನಡೆಯುವವರೆಲ್ಲ ಹೊಗೆಯಂತೆ ಕಲಸಿಹೋಗಿ ನಿಂತವನು ಮಾತ್ರ ಖಚಿತವಾಗಿ ಮೂಡುತ್ತಾನೆ. ದಗೇರ್‌ಗೆ ಅನಿವಾರ್ಯವಾಗಿದ್ದದ್ದು ಇಲ್ಲಿ ಉದ್ದೇಶಪೂರ್ವಕ. ಎರಡನೆಯದು ‘ವರ್ಣಾಪಹರಣ’: ಬಣ್ಣ ತೆಗೆದು ಕಪ್ಪು ಬಿಳುಪು ಮಾಡುವುದು. ಹಳದಿ ಸೇವಂತಿಗೆ ಬೂದಿಯ ಬಣ್ಣಕ್ಕೆ ಇಳಿಯದ ಹೊರತು ಓದುಗರಿಗೆ ದುಃಖ ಹತ್ತುವುದಿಲ್ಲ. ಮೂರನೆಯದು ‘ಪಾರ್ಶ್ವಚ್ಛೇದನ’, ಅಂದರೆ ಕ್ರಾಪ್. ಮೂರಕ್ಕೆ ಎರಡರ ಅಡ್ಡ ಚಿತ್ರವನ್ನು ಫೋನ್ ಪರದೆಗೆ ಹೊಂದುವ ನಾಲ್ಕಕ್ಕೆ ಐದರ ಉದ್ದ ಚಿತ್ರವನ್ನಾಗಿ ಕತ್ತರಿಸಿದರೆ ಹತ್ತಿರಹತ್ತಿರ ಅರ್ಧ ಚಿತ್ರ ಹೋಗುತ್ತದೆ. ಒಂಟಿತನದ ಬಹುಪಾಲು ಉತ್ಪಾದನೆಯಾಗುವುದು ಈ ಹಂತದಲ್ಲೇ.

ಹೀಗೆ ಸಿದ್ಧವಾದ ಕ್ಯಾಪ್ಷನ್‌ಗಳಲ್ಲಿ ಐದು ಪ್ರಕಾರಗಳುಂಟು. ಮೊದಲನೆಯದು ಪೂರ್ಣವಿರಾಮಪ್ರಧಾನ: “ನಗರ. ಎಲ್ಲರೂ ಇದ್ದಾರೆ. ಯಾರೂ ಇಲ್ಲ.” ಎರಡನೆಯದು ಪ್ರಶ್ನಪ್ರಧಾನ: “ಇಷ್ಟು ಜನರ ನಡುವೆ ನಾವು ಯಾರನ್ನು ಹುಡುಕುತ್ತಿದ್ದೇವೆ?” ಮೂರನೆಯದು ಎರಡನೆಯದರಂತೆಯೇ ಇದ್ದು ಕೊನೆಗೆ ಮೂರು ಚುಕ್ಕಿ ಹೆಚ್ಚಿಗೆ ಇರುತ್ತವೆ. ಉಳಿದೆರಡನ್ನು ವಿವರಿಸಿ ಉಪಯೋಗವಿಲ್ಲ. ‘ಮೌನ’ ಎಂಬ ಪದ ಮಾತ್ರ ಐದರಲ್ಲಿ ಯಾವುದಕ್ಕೂ ಹೊಂದುತ್ತದೆ. ಫೋಟೋಗೆ ಶಬ್ದವಿಲ್ಲ ಎಂಬ ಯಂತ್ರದ ಮಿತಿಯನ್ನು ಬೀದಿಯ ಗುಣವೆಂದು ಸಾಧಿಸುವುದು ಇದರಿಂದಲೇ. ಆನಂದವರ್ಧನನ ಧ್ವನಿತತ್ವವನ್ನೂ ಈ ಪಂಥದವರು ಉದ್ಧರಿಸುತ್ತಾರೆ. ಅವನಲ್ಲಿ ಹೇಳಿದ ಮಾತಿನಿಂದ ಹೇಳದ ಅರ್ಥ ಹೊಮ್ಮಬೇಕು. ಇವರಲ್ಲಿ ಅರ್ಥವನ್ನೆಲ್ಲ ಹೇಳಿ ಮುಗಿಸಿ, ಚಿತ್ರದಲ್ಲಿ ಏನಿದೆ ಎಂಬುದನ್ನು ಮಾತ್ರ ಬಿಡಲಾಗುತ್ತದೆ.

ಒಂದು ನಿದರ್ಶನ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಬೆಳಗಿನ ಜಾವ. ಈ ಶಾಸ್ತ್ರದ ವಿದ್ಯಾರ್ಥಿಗಳು ಕಟ್ಟಡದ ಮೊದಲ ಮಹಡಿಯ ಕಟಕಟೆಗೆ ಒರಗಿ ಕೆಳಗಿನ ಹೂವಿನ ವ್ಯಾಪಾರವನ್ನು ತೆಗೆಯುವುದು ವಾಡಿಕೆ. ಮೇಲಿನಿಂದ ಮುಖ ಕಾಣದು, ತಲೆ ಮಾತ್ರ ಕಾಣುತ್ತದೆ. ಬಗ್ಗಿದ ತಲೆಯೆಂದರೆ ವಿಷಾದ ಎಂಬುದು ಸರ್ವಸಮ್ಮತ. ಸೇವಂತಿಗೆಯ ರಾಶಿಯ ಪಕ್ಕ ಒಬ್ಬ ತಲೆ ತಗ್ಗಿಸಿ ಕೂತಿದ್ದಾನೆ. ಸುತ್ತ ಜನ ಹೊಗೆಯಾಗಿ ಹರಿದಿದ್ದಾರೆ. ಕ್ಯಾಪ್ಷನ್: “ಸಾವಿರ ಹೆಜ್ಜೆಗಳ ನಡುವೆ ಒಂದು ಮೌನ.”

ಕ್ರಾಪ್ ಆಗುವ ಮೊದಲಿನ ಚಿತ್ರದಲ್ಲಿ ಬಲಗಡೆ ಒಬ್ಬ ಹೆಂಗಸು ಚೀಲ ಬಿಡಿಸಿ ಹಿಡಿದಿದ್ದಾಳೆ, ಅವಳ ಬಾಯಿ ತೆರೆದಿದೆ, ಚೌಕಾಸಿ ನಡೆದಿದೆ. ಎಡಗಡೆ ಟೀ ಹುಡುಗ ಲೋಟ ಚಾಚಿದ್ದಾನೆ. ತಗ್ಗಿದ ತಲೆಯ ಕೆಳಗೆ ತಕ್ಕಡಿ ಇದೆ. ಕೂತವನು ತೂಕ ನೋಡುತ್ತಿದ್ದಾನೆ. ಅವನು ಅಲುಗಾಡದೆ ಇದ್ದದ್ದು ಮುಳ್ಳು ನಿಲ್ಲಲಿ ಎಂದು. ಕಾಲು ಸೆಕೆಂಡಿನ ಶಟರಿಗೆ ಸಿಕ್ಕುವವರು ಬಹುಪಾಲು ಇಂಥವರೇ: ತೂಗುವವರು, ಚಿಲ್ಲರೆ ಎಣಿಸುವವರು, ಗಿರಾಕಿಗೆ ಕಾಯುವವರು. ಇನ್ನೊಬ್ಬರ ಜೊತೆ ವ್ಯವಹಾರ ಇದ್ದದ್ದಕ್ಕೇ ಅವರು ನಿಂತಿರುತ್ತಾರೆ. ಬೀದಿಯಲ್ಲಿ ಅತಿ ಹೆಚ್ಚು ಜನರ ಪರಿಚಯ ಇರುವವನನ್ನೇ ಆರಿಸಿ ಅನಾಥನನ್ನಾಗಿ ಮಾಡುವುದು ಈ ತಂತ್ರದ ಪರಮಸಿದ್ಧಿ. ಅವನ ಹೆಸರು ಕೇಳಿಲ್ಲ, ಒಪ್ಪಿಗೆ ಕೇಳಿಲ್ಲ, ಮೊಳ ಹೂವನ್ನೂ ಕೊಂಡಿಲ್ಲ. ನಿದ್ದೆಗೆಟ್ಟು ಸರಕು ಇಳಿಸಿಕೊಂಡವನ ದಣಿವನ್ನು ಕೂಡ ಅವನದ್ದೆಂದು ಬಿಡದೆ, ಮಹಡಿಯ ಮೇಲೆ ನಿಂತವರು ತಮ್ಮ ಭಾನುವಾರದ ಬೇಸರಕ್ಕೆ ಬಳಸಿಕೊಳ್ಳುವುದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ. ಬೀದಿಯಲ್ಲಿ ಅದಕ್ಕೆ ಕಳ್ಳತನ ಎನ್ನುತ್ತಾರೆ.

ನಿಜವಾದ ಒಂಟಿತನ ನಗರದಲ್ಲಿ ಇಲ್ಲವೆಂದಲ್ಲ. ಎಟಿಎಂ ಬಾಗಿಲಲ್ಲಿ ಹನ್ನೆರಡು ಗಂಟೆಯ ಪಾಳಿ ಮಾಡುವ, ಸುತ್ತಲಿನವರ ಭಾಷೆ ಬಾರದ ವಾಚ್‌ಮನ್‌ಗೆ ಅದು ಗೊತ್ತು. ಮಕ್ಕಳು ಪರದೇಶದಲ್ಲಿದ್ದು, ಫ್ಲ್ಯಾಟಿನ ಬಾಗಿಲಿಗೆ ಹಾಲಿನ ಪ್ಯಾಕೆಟ್ ಇಡುವವನನ್ನಾದರೂ ಒಂದು ಮಾತಾಡಿಸೋಣವೆಂದು ಬೇಗ ಏಳುವ ಮುದುಕಿಗೆ ಗೊತ್ತು. ಅವರ ಹಿಂದೆ ಜನಜಂಗುಳಿ ಇಲ್ಲ, ಹೊಗೆಯಾಗಿ ಹರಿಯುವುದಕ್ಕೆ ಯಾರೂ ಇಲ್ಲ. ಚಿತ್ರ ಚೆನ್ನಾಗಿ ಬರುವುದಿಲ್ಲವೆಂದು ಅವರ ಬಳಿಗೆ ಕ್ಯಾಮೆರಾ ಹೋಗುವುದಿಲ್ಲ.

ಕ್ಯಾಪ್ಷನ್ ಕಲಬೆರಕೆಯೋ ಅಲ್ಲವೋ ತಿಳಿಯಲು ಎರಡು ಪರೀಕ್ಷೆಗಳಿವೆ. ಚಿತ್ರದ ಅಂಚಿನಲ್ಲಿ ಅರ್ಧ ಮೊಣಕೈ, ತುಂಡಾದ ಚೀಲ, ಯಾರದೋ ಚಪ್ಪಲಿ ಉಳಿದಿದೆಯೇ ನೋಡಬೇಕು. ಕತ್ತರಿ ಆಡಿಸಿದವರು ಅಂಚನ್ನು ಮರೆಯುತ್ತಾರೆ. ಅನಂತರ ಅದೇ ಕ್ಯಾಪ್ಷನ್ನನ್ನು ಮುಂಬಯಿಯ ದಾದರ್ ಹೂವಿನ ಮಾರುಕಟ್ಟೆಯ ಚಿತ್ರಕ್ಕೋ ಕೋಲ್ಕತ್ತದ ಮಲ್ಲಿಕ್ ಘಾಟ್‌ನ ಚಿತ್ರಕ್ಕೋ ಅಂಟಿಸಬೇಕು. ಅಲ್ಲಿಯೂ ಸರಿಹೊಂದಿದರೆ ಅದು ಯಾವ ಚಿತ್ರದ್ದೂ ಅಲ್ಲ.

ಪತ್ರಿಕೆಗಳಲ್ಲಿ ಹಬ್ಬದ ಮುನ್ನಾದಿನ ಇದೇ ಜಾಗದ ಚಿತ್ರದ ಕೆಳಗೆ, ಹಬ್ಬದ ಪ್ರಯುಕ್ತ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಖರೀದಿಯಲ್ಲಿ ತೊಡಗಿದ ಜನ ಎಂದು ಒಂದು ಸಾಲು ಅಚ್ಚಾಗುತ್ತದೆ. ಊರು, ಜಾಗ, ಸಂದರ್ಭ, ಕೆಲಸ ಎಲ್ಲವೂ ಅದರಲ್ಲಿದೆ. ಇದಕ್ಕಿಂತ ಹೆಚ್ಚು ಬರೆಯಬೇಕೆಂದಿದ್ದವರು ಮೆಟ್ಟಿಲಿಳಿದು ಹೋಗಿ ಸೇವಂತಿಗೆ ಕಿಲೋಗೆ ಎಷ್ಟು ಎಂದು ಕೇಳಬೇಕು.