ಒಂದು ಸ್ಟಾರಿನ ಯಜಮಾನರು

ಕೆಳದಿ ಸೀಮೆಯ ಅಡಿಕೆ ತೋಟಗಳ ನಡುವೆ ಈಗ ಹೊಸ ತಳಿಯೊಂದು ಬಂದಿದೆ: ಹೋಂಸ್ಟೇ ಯಜಮಾನರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಇವರಿಗೆ ಗೊತ್ತು. ಗೂಗಲ್ಲಿನಲ್ಲಿ ಬಿದ್ದ ಒಂದು ಸ್ಟಾರಿಗೆ ಏನು ಹೊಡೆಯಬೇಕೆಂದು ಗೊತ್ತಿಲ್ಲ.

ಅಂಥ ಒಬ್ಬರ ಮನೆಯಲ್ಲಿ ಹೋದ ಏಪ್ರಿಲ್‌ನ ಒಂದು ರಾತ್ರಿ, ಪಕ್ಕದ ಮನೆಯ ಬರಹಗಾರನೊಬ್ಬ ನಾಲ್ಕು ಸಾಲು ಬರೆದುಕೊಡಲು ಹೋಗಿ ನಾಲ್ಕು ಗಂಟೆ ಕೂತ. ಆ ಬರಹಗಾರನ ಹೆಸರು ಇಲ್ಲಿ ಬೇಡ. ಈ ಲೇಖನದ ಕೆಳಗೆ ಹೇಗೂ ಇರುತ್ತದೆ.

ಬೆಂಗಳೂರಿನಿಂದ ಬಂದು ಹೋದ ಅತಿಥಿಯ ದೂರು ಹೀಗಿತ್ತು: ‘ಮೋಸದ ಜಾಹೀರಾತು. ಜೋಗಕ್ಕೆ ಹತ್ತಿರ ಅಂದರು, ಹತ್ತಿರವಿಲ್ಲ. ಫೋಟೋದಲ್ಲಿ ಜಲಪಾತ, ಹೋಗಿ ನೋಡಿದರೆ ಬಂಡೆ. ಬಿಸಿನೀರೂ ಬೇಕೆಂದಾಗ ಇಲ್ಲ.’

ಯಜಮಾನರು ಕವಳ ಉಗುಳಿ ಬಂದು ಹೇಳತೊಡಗಿದರು. “ಬರಿ ಮಾರಾಯ. ಶಿವಾಜಿ ಮಗ ರಾಜಾರಾಮನಿಗೇ ಆಶ್ರಯ ಕೊಟ್ಟ ಚೆನ್ನಮ್ಮನ ನಾಡು ಇದು. ಔರಂಗಜೇಬ ದಂಡು ಕಳಿಸಿದರೂ ಹೆದರಲಿಲ್ಲ ಅಂತ ಬರಿ.” ಬರಹಗಾರ ಬರೆದ. ರಾಜಾರಾಮ ಹೋಗುವಾಗ ಎಷ್ಟು ಸ್ಟಾರ್ ಕೊಟ್ಟ ಎಂದು ಕೇಳುವ ಧೈರ್ಯ ಬರಲಿಲ್ಲ. ಮುಂದಿನದು ಇನ್ನೂ ಖಾರ: ಆ ಅತಿಥಿ ಹನ್ನೊಂದು ತೊಡೆದೇವು ತಿಂದದ್ದು, ಜೊತೆಗೆ ಯಾರು ಬಂದಿದ್ದರು ಎಂಬುದು, ಮಾತಾಡಿದ ದರದಲ್ಲಿ ಚೌಕಾಸಿ ಮಾಡಿದ್ದು.

ಅಡುಗೆಮನೆಯಿಂದ ಯಜಮಾನತಿಯ ದನಿ ಬಂತು. “ತಿಂದದ್ದು ಲೆಕ್ಕ ಹಾಕಿ ಊರಿಗೆಲ್ಲ ಸಾರಿದರೆ ನಾಳೆ ಯಾರು ಬರ್ತಾರೆ? ಅವರೇನು ಇನ್ನೊಂದ್ಸಲ ಬರೋದಿಲ್ಲ. ಇದನ್ನ ಓದೋದು ಮುಂದೆ ಬರೋರು. ಮೊದಲು ನಮ್ಮ ಪುಟದಲ್ಲಿ ನಾವೇ ಏನು ಬರ್ಕೊಂಡಿದೀವಿ ನೋಡಿ.”

ಇಡೀ ರಾತ್ರಿಯ ಬುದ್ಧಿವಂತಿಕೆ ಅಷ್ಟೇ. ಮೂರು ಆರೋಪಗಳನ್ನು ಬಿಡಿಸಿಟ್ಟು, ಅತಿಥಿ ಕೋಣೆ ಕಾಯ್ದಿರಿಸಿದ ದಿನ ಪುಟದಲ್ಲಿ ಏನಿತ್ತೋ ಅದರ ಪಕ್ಕದಲ್ಲಿ ಒಂದೊಂದನ್ನೇ ಹಿಡಿದು ನೋಡಿದರು. ಬಿಸಿನೀರಿನ ವಿಷಯ ಸ್ಪಷ್ಟವಾಗಿತ್ತು: ‘ಹಂಡೆ ಒಲೆ, ಬೆಳಿಗ್ಗೆ 6ರಿಂದ 9.’ ಯಜಮಾನರು ತೊಡೆ ತಟ್ಟಿದರು. ದೂರದ ಬಗ್ಗೆ ಇದ್ದದ್ದು ‘ಜೋಗಕ್ಕೆ ಹತ್ತಿರ’ ಎಂಬುದಷ್ಟೇ. ಮಲೆನಾಡಿನವರು ‘ಇಲ್ಲೇ’ ಎಂದರೆ ಎರಡು ಗುಡ್ಡ ದಾಟಬೇಕು, ‘ಹತ್ತಿರ’ ಎಂದರೆ ಬುತ್ತಿ ಕಟ್ಟಿಕೊಳ್ಳಬೇಕು. ಸಾಗರದಿಂದಲೇ ಜೋಗ ಸುಮಾರು 30 ಕಿಲೋಮೀಟರ್. ಈ ಮನೆಯಿಂದ 38. ಫೋಟೋ ಆಗಸ್ಟಿನದು, ಅದರಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಭೋರ್ಗರೆಯುತ್ತಿವೆ. ತಿಂಗಳನ್ನು ಮಾತ್ರ ಎಲ್ಲೂ ಹಾಕಿಲ್ಲ.

“ಸುಳ್ಳು ಫೋಟೋ ಅಲ್ವಲ್ಲ?” ಎಂದರು ಯಜಮಾನರು.

ಅಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ವರ್ಣನೆಯಷ್ಟೇ ಅಲ್ಲ, ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತೇ. “ಮುಚ್ಚಿಟ್ಟಿದ್ದೆಲ್ಲಿ? ಬೇಸಿಗೇಲಿ ಜೋಗ ಒಣಗೋದು ಯಾರಿಗೆ ಗೊತ್ತಿಲ್ಲ?” ಸಾಗರದಲ್ಲಿ ಎಲ್ಲರಿಗೂ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ವಿದ್ಯುತ್ತಿಗಾಗಿ ಅಲ್ಲೇ ನಿಲ್ಲುತ್ತಾಳೆ. ಬೆಂಗಳೂರಿನವರಿಗೆ ಅದನ್ನು ಯಾರು ಹೇಳಬೇಕು? ಯಜಮಾನರು ಸ್ವಲ್ಪ ಹೊತ್ತು ಅಡಿಕೆ ಹೋಳನ್ನೇ ನೋಡುತ್ತ ಕೂತರು. ದೂರನ್ನೇ ತೆಗೆಸಿಬಿಡಬಹುದೇ ಎಂದೂ ವಿಚಾರಿಸಿದರು. ಯಾರ ಮಾತು ನಿಜ ಎಂಬ ಪಂಚಾಯಿತಿಗೆ ಗೂಗಲ್ ಕೂರುವುದಿಲ್ಲ.

ಮರುದಿನ, ಸಿಟ್ಟು ಇಳಿದ ಮೇಲೆ, ಹೊರಟ ಉತ್ತರ ಇದು:

‘ನಮಸ್ಕಾರ. ನೀವು ಬಂದಾಗ ಜೋಗದಲ್ಲಿ ನೀರು ಇಲ್ಲದಷ್ಟು ಕಡಿಮೆಯಿತ್ತು ಎಂಬುದು ನಿಜ. ನಮ್ಮ ಫೋಟೋ ಆಗಸ್ಟಿನದು. ತಿಂಗಳು ಹಾಕದೇ ಇದ್ದದ್ದು ನಮ್ಮ ತಪ್ಪು. ಮನೆಯಿಂದ ಜೋಗ 38 ಕಿ.ಮೀ. ಇದೆ. “ಹತ್ತಿರ” ಎಂಬ ಪದ ತೆಗೆದು ದೂರವನ್ನೇ ಬರೆದಿದ್ದೇವೆ. ಬಿಸಿನೀರಿನ ವೇಳೆ ಮೊದಲಿನಿಂದಲೂ ಪುಟದಲ್ಲಿತ್ತು; ಇನ್ನು ಮುಂದೆ ಬಂದವರಿಗೆ ಬಾಯಲ್ಲೂ ಹೇಳುತ್ತೇವೆ. ತೊಂದರೆಯಾದದ್ದಕ್ಕೆ ವಿಷಾದವಿದೆ.’

ಚೆನ್ನಮ್ಮ ಇಲ್ಲ, ತೊಡೆದೇವು ಇಲ್ಲ. ಒಪ್ಪಬೇಕಾದದ್ದು ಮೊದಲು, ತಿದ್ದಿದ್ದು ಆಮೇಲೆ, ಒಪ್ಪದ್ದು ಒಂದೇ ಸಾಲು.

ಅಲ್ಲಿಗೆ ಮುಗಿಯಿತು ಎಂದುಕೊಂಡದ್ದು ಬರಹಗಾರನ ದಡ್ಡತನ. ಯಜಮಾನರಿಗೆ ಆ ಧಾಟಿಯೇ ಹತ್ತಿಬಿಟ್ಟಿದೆ. ಸೊಪ್ಪಿನ ಬೆಟ್ಟ ಸವರಿಲ್ಲ ಎಂದು ಯಜಮಾನತಿ ಗದರಿದರೆ, “ಸವರದೇ ಇದ್ದದ್ದು ನಿಜ. ವಿಷಾದವಿದೆ. ಆದರೆ ಸೋಮವಾರ ಅಂತ ಮೊದಲೇ ತಿಳಿಸಲಾಗಿತ್ತು” ಎನ್ನುತ್ತಾರೆ. ದಾರಿಯಲ್ಲಿ ಸಿಕ್ಕರೆ ಬರಹಗಾರನ ಲೇಖನಕ್ಕೂ ಇದೇ ವಿಧಾನದಲ್ಲಿ ಮೂರು ಅಂಶಗಳ ವಿಮರ್ಶೆ.

ಇದೇ ಜಗಲಿಯಲ್ಲಿ ಹಿಂದೆ ಹೇಳದೆ ಕೇಳದೆ ಬಂದ ನೆಂಟರು ಬೆಲ್ಲ-ನೀರು ಕುಡಿದು ವಾರಗಟ್ಟಲೆ ಇದ್ದು ಹೋಗುತ್ತಿದ್ದರು. ಅವರಿಗೂ ದೂರುಗಳಿದ್ದವು. ಅವು ಮುಂದಿನ ಮದುವೆಮನೆಯ ಪಂಕ್ತಿಯಲ್ಲಿ, ಮೂರನೆಯವರ ಬಾಯಿಂದ ತಲುಪುತ್ತಿದ್ದವು. ಉತ್ತರ ಕೊಡಲು ಒಂದು ಮಳೆಗಾಲ ಪೂರ್ತಿ ಸಿಗುತ್ತಿತ್ತು.

ಆ ಒಂದು ಸ್ಟಾರ್ ಇನ್ನೂ ಅಲ್ಲೇ ಇದೆ. ಪುಟದಲ್ಲಿ ಈಗ ಜೋಗದ ಎರಡು ಫೋಟೋ: ಒಂದರ ಕೆಳಗೆ ‘ಆಗಸ್ಟ್’, ಇನ್ನೊಂದರ ಕೆಳಗೆ ‘ಏಪ್ರಿಲ್’. ಎರಡನೆಯದರಲ್ಲಿ ಬಂಡೆ ಬಹಳ ಚೆನ್ನಾಗಿ ಬಂದಿದೆ.